ಹಳೆ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಈಗ ನಡೆಯುತ್ತದೆಯೇ?

ಪ್ರಶ್ನೆ: ಗುಬ್ಬಿ ತಾಲ್ಲೂಕಿನ ಅಡಿಕೆ ಬೆಳೆಗಾರ ನಾನು. ಹಳೆ ಸಿಂಡಿಕೇಟ್ ಬ್ಯಾಂಕ್ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ಕೊಟ್ಟೆ. ತುಮಕೂರಿನ ವ್ಯಾಪಾರಿ ಕಳಿಸಿದ ಹಣ ಬರಲಿಲ್ಲ. ಬ್ಯಾಂಕಿನವರು ಕೆವೈಸಿ ಫಾರಂ ಕೂಡ ಕೇಳುತ್ತಿದ್ದಾರೆ. ಏನಿವೆಲ್ಲ?

ಉತ್ತರ: ಐಎಫ್‌ಎಸ್‌ಸಿ ಎಂದರೆ ಇಂಡಿಯನ್ ಫೈನಾನ್ಷಿಯಲ್ ಸಿಸ್ಟಮ್ ಕೋಡ್. ಹನ್ನೊಂದು ಅಕ್ಷರಗಳಲ್ಲಿ ಮೊದಲ ನಾಲ್ಕು ಬ್ಯಾಂಕನ್ನು, ಕೊನೆಯ ಆರು ಶಾಖೆಯನ್ನು ಸೂಚಿಸುತ್ತವೆ, ಐದನೆಯದು ಸೊನ್ನೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾಯಿತು. SYNB ಎಂದು ಶುರುವಾಗುವ ಕೋಡುಗಳು 2021ರ ಜುಲೈನಿಂದ ರದ್ದಾಗಿವೆ. ಹೊಸದು CNRB ಎಂದಿರುತ್ತದೆ, ಹಳೆ ಶಾಖಾ ಸಂಖ್ಯೆಗೆ 10000 ಕೂಡುತ್ತದೆ: SYNB0003687 ಈಗ CNRB0013687. ಆದರೂ ನೀವೇ ಲೆಕ್ಕ ಹಾಕಬೇಡಿ. ಶಾಖೆಯಲ್ಲಿ ಹೊಸ ಪಾಸ್‌ಬುಕ್ ಪಡೆದು ಅದರಲ್ಲಿರುವುದನ್ನೇ ಕೊಡಿ. ಹಣ ವಾಪಸಾಗಿದೆಯೇ ಎಂದು ವ್ಯಾಪಾರಿ ತಮ್ಮ ಖಾತೆ ನೋಡಲಿ. ಆಗಿಲ್ಲದಿದ್ದರೆ ವರ್ಗಾವಣೆಯ ಯುಟಿಆರ್ ಸಂಖ್ಯೆಯೊಂದಿಗೆ ಅವರ ಬ್ಯಾಂಕಿಗೆ ಲಿಖಿತ ದೂರು ಕೊಡಲಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರಬಹುದು.

ಕೆವೈಸಿ ಎಂದರೆ ನೋ ಯುವರ್ ಕಸ್ಟಮರ್, ಅಂದರೆ ಗ್ರಾಹಕರ ಗುರುತು ಮತ್ತು ವಿಳಾಸದ ಪರಿಶೀಲನೆ. ವಿವರ ಬದಲಾಗಿಲ್ಲವಾದರೆ ಹಾಗೆಂದು ಸ್ವಯಂ ಘೋಷಣೆ ಕೊಟ್ಟರೆ ಸಾಮಾನ್ಯವಾಗಿ ಸಾಕು. ಕೆವೈಸಿ ಹೆಸರಲ್ಲಿ ಫೋನಿನಲ್ಲಿ ಒಟಿಪಿ ಕೇಳಿದರೆ ಕೊಡಬೇಡಿ. ಕೊಟ್ಟುಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.