ಗುಣಿಸುತ್ತ ಬೆಳೆಯುವ ಉಪಾವಕಾಶ: ಅಂತರ್ಜಲದ ಒಂದು ಲೆಕ್ಕ

ಜತ್ತ ತಾಲೂಕಿನಂತಹ ಬರಪೀಡಿತ ಸೀಮೆಯಲ್ಲಿ ಒಂದೆಡೆ ನೀರು ಇಂಗಿಸಿದರೆ ಸುತ್ತಲಿನ ಬಾವಿಗಳ ಮಟ್ಟ ಎಷ್ಟು ಏರುತ್ತದೆ? ಇದನ್ನು ಲೆಕ್ಕಹಾಕುವವರು ನೆಲವನ್ನು ನಕ್ಷೆಯ ಮೇಲೆ ಸಣ್ಣ ಚೌಕಗಳಾಗಿ ವಿಭಾಗಿಸುತ್ತಾರೆ. ಪ್ರತಿ ಚೌಕದ ನೀರು ಅಕ್ಕಪಕ್ಕದ ಚೌಕಗಳಿಗೆ ಮಾತ್ರ ಹರಿಯುತ್ತದೆ. ಚೌಕಕ್ಕೊಂದು ಸಮೀಕರಣ, ಚೌಕಗಳು ಹತ್ತು ಲಕ್ಷವಾದರೆ ಸಮೀಕರಣಗಳೂ ಹತ್ತು ಲಕ್ಷ.

ತರಗತಿಗೆ ಮೂರೇ ಚೌಕಗಳ ಸಾಲು ಸಾಕು. ಸಾಲಿನ ಎರಡೂ ತುದಿಗಳಾಚೆ ನೀರಿನ ಮಟ್ಟ ಸೊನ್ನೆಯಲ್ಲಿ ಸ್ಥಿರವಾಗಿದೆ ಎಂದಿಟ್ಟುಕೊಳ್ಳೋಣ. ಮೂವರು ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ಸಂಖ್ಯೆ ಕೊಡಬೇಕು. ನಿಯಮ ಒಂದೇ: ತನ್ನ ಸಂಖ್ಯೆಯ ಎರಡರಷ್ಟರಿಂದ ನೆರೆಯವರ ಸಂಖ್ಯೆಗಳನ್ನು ಕಳೆಯಬೇಕು. ಚೌಕದಿಂದ ಹೊರಗೆ ಹರಿಯುವ ನಿವ್ವಳ ನೀರು ಇದೇ. ಈ ನಿಯಮವೇ A ಎಂಬ ಮಾತೃಕೆ. ಅದನ್ನು ಪಾಲಿಸುವುದೇ A ಯಿಂದ ಗುಣಿಸುವುದು. ಕೋಷ್ಟಕವನ್ನು ಬರೆಯಬೇಕಾಗಿಯೇ ಇಲ್ಲ ಎಂಬುದು ಗಮನಾರ್ಹ. ಹತ್ತು ಲಕ್ಷ ಚೌಕಗಳಿಗೆ ಪೂರ್ಣ ಕೋಷ್ಟಕ ಬರೆದರೆ ಲಕ್ಷ ಕೋಟಿಗಿಂತ ಕಡಿಮೆಯಿಲ್ಲದ ಮನೆಗಳು ಬೇಕು. ನಿಯಮಕ್ಕಾದರೋ ನೆರೆಯವರ ಪರಿಚಯವಿದ್ದರೆ ಸಾಕು.

ಮೊದಲ ಚೌಕದಲ್ಲಿ ಒಂದು ಪಾಲು ನೀರು ಇಂಗಿಸಲಾಗಿದೆ: b = (1, 0, 0). ನಿಯಮವನ್ನು ಮೇಲಿಂದ ಮೇಲೆ ಅನ್ವಯಿಸಿದಾಗ

```
b    = (1,  0, 0)
A b  = (2, -1, 0)
A²b  = (5, -4, 1)
```

ಒಂದೊಂದು ಗುಣಾಕಾರಕ್ಕೂ ಸುದ್ದಿ ಒಂದು ಚೌಕ ಮುಂದೆ ಸಾಗುತ್ತದೆ. ಈ ಸದಿಶಗಳನ್ನು ಬೇಕಾದ ಪ್ರಮಾಣದಲ್ಲಿ ಕೂಡಿಸಿ ಪಡೆಯಬಹುದಾದ ಎಲ್ಲ ಸದಿಶಗಳ ಕೂಟಕ್ಕೆ ಕ್ರಿಲೋವ್ ಉಪಾವಕಾಶವೆಂದು ಹೆಸರು. ರಷ್ಯಾದ ನೌಕಾ ಎಂಜಿನಿಯರ್ ಅಲೆಕ್ಸೇಯ್ ಕ್ರಿಲೋವ್ 1931ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಹೆಸರು ಬಂದಿದೆ.

Ax = b ಯ ಉತ್ತರ (3/4, 1/2, 1/4). ನೀರು ಇಂಗಿಸಿದಲ್ಲಿ ಮಟ್ಟ ಹೆಚ್ಚು, ದೂರ ಹೋದಂತೆ ಕಡಿಮೆ. ಈ ಉತ್ತರ ಮೇಲಿನ ಮೂರು ಸದಿಶಗಳಲ್ಲೇ ಅಡಗಿದೆ: 5/2 ಪಾಲು b, ಅದರಿಂದ 3/2 ಪಾಲು Ab ಕಳೆದು, 1/4 ಪಾಲು A²b ಕೂಡಿಸಿದರೆ ಸರಿಯಾಗಿ ಅದೇ ದೊರೆಯುತ್ತದೆ. ಇದು ಆಕಸ್ಮಿಕವಲ್ಲ. ಪ್ರತಿ ಮಾತೃಕೆಯೂ ತನ್ನ ಲಾಕ್ಷಣಿಕ ಸಮೀಕರಣವನ್ನು ಪಾಲಿಸುತ್ತದೆ; ಇಲ್ಲಿ ಅದು A³ − 6A² + 10A − 4I = 0. ಇದನ್ನು ತಿರುಗಿಸಿ ಬರೆದರೆ A ಯ ವಿಲೋಮವೇ A ಯ ಘಾತಗಳ ಮೊತ್ತವಾಗುತ್ತದೆ.

ಮೂರು ಚೌಕಕ್ಕೆ ಮೂರು ಹೆಜ್ಜೆಯಾದರೆ ಹತ್ತು ಲಕ್ಷಕ್ಕೆ ಹತ್ತು ಲಕ್ಷ ಹೆಜ್ಜೆ ಬೇಕಲ್ಲವೇ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಪೂರ್ಣ ನಿಖರತೆಗೆ ಬೇಕಾದೀತು. ಆದರೆ ಸಾಕಷ್ಟು ಹತ್ತಿರದ ಉತ್ತರ ಅದಕ್ಕಿಂತ ಬಹಳ ಮೊದಲೇ ಸಿಗುವುದುಂಟು. 1952ರಲ್ಲಿ ಹೆಸ್ಟೆನಿಸ್ ಮತ್ತು ಸ್ಟೀಫೆಲ್ ಪ್ರಕಟಿಸಿದ ವಿಧಾನ ಪ್ರತಿ ಹೆಜ್ಜೆಗೂ ಅಂದಿನ ಉಪಾವಕಾಶದೊಳಗಿನ ಅತ್ಯುತ್ತಮ ಉತ್ತರವನ್ನು ಆರಿಸುತ್ತದೆ. ನಮ್ಮ ಸಾಲಿನಲ್ಲಿ ಅದು ಮೊದಲು (1/2, 0, 0), ಬಳಿಕ (2/3, 1/3, 0), ಕೊನೆಗೆ ನಿಜವಾದ ಉತ್ತರ. ಎರಡನೆಯ ಹೆಜ್ಜೆಯಲ್ಲಿ b − Ax ಲೆಕ್ಕಹಾಕಿದರೆ (0, 0, 1/3) ಬರುತ್ತದೆ. ಉಳಿದ ದೋಷವೆಲ್ಲ ಇನ್ನೂ ಸುದ್ದಿ ಮುಟ್ಟದ ಮೂರನೆಯ ಚೌಕದಲ್ಲಿದೆ. ಅಂತರ್ಜಲ ಲೆಕ್ಕದ ಪ್ರಸಿದ್ಧ ತಂತ್ರಾಂಶ MODFLOW ಈ ವಿಧಾನವನ್ನೇ, ಸಮೀಕರಣಗಳನ್ನು ಮೊದಲು ಹದಗೊಳಿಸಿಕೊಂಡು, ಬಳಸುತ್ತದೆ. ಹದಗೊಳಿಸದಿದ್ದರೆ ದೊಡ್ಡ ನಕ್ಷೆಯಲ್ಲಿ ಹೆಜ್ಜೆಗಳು ಬಹಳವಾಗುತ್ತವೆ.

ಒಂದು ಮಾತನ್ನು ಮರೆಮಾಚಬಾರದು. ನೇರ ಸಾಲಿಗೆ ಶಾಲೆಯಲ್ಲಿ ಕಲಿಸುವ ನಿರಸನ ವಿಧಾನವೇ ಸಲೀಸು. ನೆಲದ ಅಗಲ, ಆಳ ಎರಡೂ ಸೇರಿದಾಗ ಮಾತ್ರ ನಿರಸನವು ಖಾಲಿಯಿದ್ದ ಮನೆಗಳನ್ನು ತುಂಬಿಸುತ್ತ ಹೋಗಿ, ಗಣಕದ ಸ್ಮೃತಿಗೆ ಭಾರವಾಗುತ್ತದೆ.

ಇನ್ನು, ಘಾತಗಳನ್ನು ಹಾಗೆಯೇ ಜೋಡಿಸಿಡುವುದೂ ಅಪಾಯಕರ. ಗುಣಾಕಾರವನ್ನು ಮುಂದುವರಿಸಿದರೆ A⁵b = (132, −164, 100), A⁶b = (428, −560, 364). ಮೊದಲ ಸಂಖ್ಯೆಯಿಂದ ಭಾಗಿಸಿದರೆ ಇವೆರಡೂ ಸುಮಾರು (1, −1.24, 0.76) ಮತ್ತು (1, −1.31, 0.85). ಎಲ್ಲವೂ (1, −√2, 1) ಎಂಬ ಒಂದೇ ದಿಕ್ಕಿಗೆ ವಾಲುತ್ತಿವೆ. ದಿಕ್ಕುಗಳು ಹೀಗೆ ಒಂದರ ಮೇಲೊಂದು ಬಿದ್ದಾಗ ದಶಮಾಂಶದ ಸಣ್ಣ ತಪ್ಪೂ ಉತ್ತರವನ್ನು ಕೆಡಿಸುತ್ತದೆ. ಆದ್ದರಿಂದ ಪ್ರತಿ ಹೊಸ ಸದಿಶದಿಂದ ಹಳೆಯ ದಿಕ್ಕುಗಳ ಪಾಲನ್ನು ಕಳೆದು, ಲಂಬವಾಗಿ ಉಳಿದುದನ್ನಷ್ಟೇ ಇಟ್ಟುಕೊಳ್ಳುತ್ತಾರೆ. Ab = (2, −1, 0) ಯಿಂದ 2b ಕಳೆದರೆ ಉಳಿಯುವುದು (0, −1, 0).

ಆ ವಾಲುವಿಕೆಯೇ ಐಗೆನ್ ಮೌಲ್ಯ ಹುಡುಕುವವರಿಗೆ ವರ. ಇಲ್ಲಿ ಅತಿ ದೊಡ್ಡ ಐಗೆನ್ ಮೌಲ್ಯ 2 + √2, ಅಂದರೆ ಸುಮಾರು 3.41. ಕೊನೆಯ ಸದಿಶವಾದ Ab ಒಂದನ್ನೇ ನಂಬಿ ಅಂದಾಜಿಸಿದರೆ 14/5 = 2.8 ಬರುತ್ತದೆ. b, Ab ಎರಡನ್ನೂ ಉಳಿಸಿಕೊಂಡು ಮೇಲಿನ ಲಂಬ ಜೋಡಿಯಲ್ಲಿ A ಯನ್ನು ಬರೆದರೆ 2, 1; 1, 2 ಎಂಬ ಎರಡು ಸಾಲಿನ ಪುಟ್ಟ ಮಾತೃಕೆ ಸಿಗುತ್ತದೆ; ಅದರ ಐಗೆನ್ ಮೌಲ್ಯಗಳು 3 ಮತ್ತು 1. ಹಳೆಯ ಸದಿಶವನ್ನು ಎಸೆಯದ್ದರಿಂದ ಅಂದಾಜು 2.8ರಿಂದ 3ಕ್ಕೆ ಏರಿತು. ಜೊತೆಗೆ ಅತಿ ಸಣ್ಣ ಮೌಲ್ಯವಾದ 0.59ರ ಕಡೆಗೂ ಒಂದು ಸುಳಿವು ದೊರೆಯಿತು. ಲಾಂಚೋಷ್ 1950ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದೇ. ಮೂರನೆಯ ಸದಿಶವನ್ನೂ ಸೇರಿಸಿಕೊಂಡು ನಿಖರ ಮೌಲ್ಯಗಳನ್ನು ಪಡೆಯುವುದನ್ನು ಹತ್ತನೆಯ ತರಗತಿ ದಾಟಿದವರಿಗೆ ಬಿಡಬಹುದು.