ಕಾಫಿಪುಡಿ ಅಂಗಡಿಗೆ ಒಂದು ಪತ್ರ

ಗಣೇಶೋತ್ಸವ ಸಮಿತಿಗಳೂ ಹವ್ಯಾಸಿ ನಾಟಕ ಸಂಘಗಳೂ ಹೊರತರುವ ಸ್ಮರಣಸಂಚಿಕೆಗಳ ಕೊನೆಯ ಪುಟಗಳನ್ನು ತಿರುವಿ ನೋಡಿದವರಿಗೆ ಒಂದು ಸಂಗತಿ ಗೋಚರವಾಗುತ್ತದೆ. ಅಲ್ಲಿ ಊರಿನ ಬಟ್ಟೆ ಅಂಗಡಿ, ಔಷಧದ ಅಂಗಡಿ, ಖಾನಾವಳಿಗಳ ಹೆಸರುಗಳು ‘ಶುಭ ಕೋರುವವರು’ ಎಂಬ ತಲೆಬರಹದ ಕೆಳಗೆ ಸಾಲಾಗಿ ನಿಂತಿರುತ್ತವೆ. ಆ ಪುಟವನ್ನು ಎಷ್ಟು ಜನ ಓದುವರೆಂದು ಯಾವ ವರ್ತಕನೂ ಕೇಳುವುದಿಲ್ಲ. ಸಂಘದ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದರೆಂದು, ನೆರೆಯವರೆಂದು, ಅವನು ಹಣ ಕೊಡುತ್ತಾನೆ. ಅದು ದಾಕ್ಷಿಣ್ಯದ ಪ್ರಾಯೋಜಕತ್ವ.

ಈಗ ಅಂಗಡಿಯ ಬಾಗಿಲಿಗೆ ಬೇರೊಂದು ಬಗೆಯ ಕೋರಿಕೆಯೂ ಬರತೊಡಗಿದೆ. ಮೊಬೈಲ್ ಫೋನಿನಲ್ಲಿ ಕಿರು ವಿಡಿಯೊಗಳನ್ನು ತಯಾರಿಸಿ ಪ್ರಕಟಿಸುವ ಯುವಕ ಯುವತಿಯರು, ತಮ್ಮ ಒಂದು ವಿಡಿಯೊದ ವೆಚ್ಚವನ್ನು ವಹಿಸಿಕೊಂಡರೆ ಅಂಗಡಿಯ ಸರಕನ್ನು ಅದರಲ್ಲಿ ತೋರಿಸುವೆವೆಂದು ಬರೆಯುತ್ತಾರೆ. ಇಲ್ಲಿ ದಾಕ್ಷಿಣ್ಯಕ್ಕೆ ಎಡೆ ಕಡಿಮೆ. ಕೇಳುವವರು ಅಪರಿಚಿತರು, ಕೊಡುವವನು ಲೆಕ್ಕ ಕೇಳುತ್ತಾನೆ. ಆದುದರಿಂದ ಪತ್ರದಲ್ಲಿ ಲೆಕ್ಕವೇ ಮುಖ್ಯ. ಆ ಲೆಕ್ಕವನ್ನು ಪ್ರಾಮಾಣಿಕವಾಗಿ ಕಟ್ಟುವ ಬಗೆಯನ್ನು ಒಂದು ನಿದರ್ಶನದ ಮೂಲಕ ನೋಡೋಣ.

ಬೆಂಗಳೂರಿನ ಇಂದಿರಾನಗರದಲ್ಲಿ, ಸಿ.ಎಂ.ಎಚ್. ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿ, ಕಾಫಿಬೀಜವನ್ನು ಹುರಿದು ಗಿರಾಕಿಯ ಎದುರಿಗೇ ಪುಡಿಮಾಡಿ ಕೊಡುವ ಒಂದು ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ಸಮೀಪದ ತಿಪ್ಪಸಂದ್ರದಲ್ಲಿ ವಾಸವಾಗಿರುವ ಯುವತಿಯೊಬ್ಬಳು ಮನೆಯಡುಗೆಯ ವಿಷಯವಾಗಿ ಇನ್‌ಸ್ಟಾಗ್ರಾಂನಲ್ಲಿ ಕನ್ನಡ ವಿಡಿಯೊಗಳನ್ನು ಹಾಕುತ್ತಾಳೆ. ಅವಳಿಗೆ 6,200 ಫಾಲೋವರ್‌ಗಳಿದ್ದಾರೆ. ದೊಡ್ಡ ಕಂಪನಿಗಳ ದೃಷ್ಟಿಯಲ್ಲಿ ಇದು ಅಲ್ಪ ಸಂಖ್ಯೆ. ಆದರೆ ಒಂದೇ ಅಂಗಡಿಯುಳ್ಳ ವರ್ತಕನಿಗೆ ಭಾರತದಾದ್ಯಂತ ಹರಡಿದ ಲಕ್ಷ ಜನರಿಂದ ಆಗುವ ಪ್ರಯೋಜನವಾದರೂ ಏನು? ಅಂಗಡಿಯ ಮೆಟ್ಟಿಲು ಹತ್ತಬಲ್ಲವರು ಎಷ್ಟು ಮಂದಿ ಎಂಬುದೇ ಅವನ ಪ್ರಶ್ನೆ.

ಆ ಯುವತಿ ತನ್ನ ಕಳೆದ ಹತ್ತು ವಿಡಿಯೊಗಳ ವೀಕ್ಷಣೆಯನ್ನು ಏರಿಕೆಯ ಕ್ರಮದಲ್ಲಿ ಬರೆದುಕೊಂಡಳು: 1,400, 1,600, 1,700, 1,900, 2,000, 2,200, 2,300, 2,600, 3,100 ಮತ್ತು 48,000. ಒಟ್ಟು 66,800, ಸರಾಸರಿ 6,680. ಈ ಸರಾಸರಿಯನ್ನು ಪತ್ರದಲ್ಲಿ ಬರೆದರೆ ಗಣಿತದ ದೃಷ್ಟಿಯಿಂದ ಅದು ಸುಳ್ಳಲ್ಲ. ಆದರೂ ಅವಳ ವಿಡಿಯೊಗಳಲ್ಲಿ ಒಂದಾದರೂ ಆರು ಸಾವಿರದ ಹತ್ತಿರ ಸುಳಿದಿಲ್ಲ. ಒಂಬತ್ತು ವಿಡಿಯೊಗಳು 3,100ರ ಒಳಗೇ ಉಳಿದಿವೆ. ಮೈಸೂರು ದಸರೆಯ ದೀಪಾಲಂಕಾರವನ್ನು ತೋರಿಸಿದ ಒಂದೇ ಒಂದು ವಿಡಿಯೊ ಸರಾಸರಿಯನ್ನು ಮೇಲಕ್ಕೆ ಎಳೆದಿದೆ. ಅದನ್ನು ನೋಡಿದವರಲ್ಲಿ ಹೆಚ್ಚಿನವರು ಅವಳ ಫಾಲೋವರ್‌ಗಳೂ ಅಲ್ಲವೆಂದು ಆ್ಯಪ್‌ನ ಅಂಕಿ ಅಂಶಗಳೇ ತಿಳಿಸುತ್ತವೆ. ಇಂಥ ಸಂದರ್ಭದಲ್ಲಿ ಮಧ್ಯಾಂಕವನ್ನು ಹಿಡಿಯುವುದು ಯುಕ್ತ. ಐದನೆಯ ಮತ್ತು ಆರನೆಯ ಸಂಖ್ಯೆಗಳ ನಡುವಣ ಬೆಲೆ 2,100. ಮುಂದಿನ ವಿಡಿಯೊಗೆ ವರ್ತಕನು ನಿರೀಕ್ಷಿಸಬಹುದಾದದ್ದು ಸುಮಾರು ಇಷ್ಟನ್ನೇ.

ಇನ್ನು ಸ್ಥಳದ ಮಾತು. ಅವಳ ಫಾಲೋವರ್‌ಗಳಲ್ಲಿ ನೂರಕ್ಕೆ ಅರವತ್ತು ಮಂದಿ ಬೆಂಗಳೂರಿನವರೆಂದು ಆ್ಯಪ್ ತೋರಿಸುತ್ತದೆ. ಹಾಗಾದರೆ 2,100 ವೀಕ್ಷಣೆಗಳಲ್ಲಿ ಸುಮಾರು 1,260 ಬೆಂಗಳೂರಿನವು ಎಂದು ಅಂದಾಜು ಕಟ್ಟಬಹುದು. ಆದರೆ ಇದು ಅಂದಾಜೇ ಹೊರತು ಎಣಿಕೆಯಲ್ಲ. ನೋಡುವವರೆಲ್ಲರೂ ಫಾಲೋವರ್‌ಗಳಲ್ಲ, ಒಬ್ಬನೇ ಎರಡು ಬಾರಿ ನೋಡಿದರೆ ವೀಕ್ಷಣೆ ಎರಡಾಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಆ ಪಟ್ಟಿಯಲ್ಲಿರುವುದು ಊರಿನ ಹೆಸರು ಮಾತ್ರ, ಬಡಾವಣೆಯದಲ್ಲ. ಕೆಂಗೇರಿಯವರೂ ಬೆಂಗಳೂರಿನವರೇ, ಹಲಸೂರಿನವರೂ ಬೆಂಗಳೂರಿನವರೇ.

ಆದ್ದರಿಂದ ಅವಳು ತನ್ನ ಪುಟದಲ್ಲಿ ‘ನಿಮ್ಮ ಬಡಾವಣೆ ಯಾವುದು?’ ಎಂದು ಒಂದು ದಿನದ ಮಟ್ಟಿಗೆ ಪ್ರಶ್ನೆ ಇಟ್ಟಳು. 140 ಮಂದಿ ಉತ್ತರಿಸಿದರು. ಅವರಲ್ಲಿ 46 ಮಂದಿ ಇಂದಿರಾನಗರ, ತಿಪ್ಪಸಂದ್ರ, ಹಲಸೂರು, ದೊಮ್ಮಲೂರುಗಳವರು. ಇನ್ನು 21 ಮಂದಿ ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆಯವರು. ಇವರನ್ನು ದೂರದವರೆಂದು ಬಿಟ್ಟುಬಿಡುವಂತಿಲ್ಲ. ಇಂದಿರಾನಗರದ ಮೆಟ್ರೊ ನಿಲ್ದಾಣವು 2011ರ ಅಕ್ಟೋಬರ್ 20ರಂದು ಆರಂಭವಾಯಿತು. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗವು ಎಡೆಬಿಡದೆ ವೈಟ್‌ಫೀಲ್ಡಿನವರೆಗೆ ಕೂಡಿಕೊಂಡಿತು. ಕಚೇರಿಯಿಂದ ಮರಳುವಾಗ ನಡುದಾರಿಯಲ್ಲಿ ಇಳಿದು ಕಾಫಿಪುಡಿ ಕೊಳ್ಳುವುದು ಅವರಿಗೆ ಕಷ್ಟವಲ್ಲ. ಉತ್ತರಿಸಿದವರು ಉತ್ಸಾಹಿಗಳು, ಅವರ ಪ್ರಮಾಣವನ್ನು ಎಲ್ಲ 6,200 ಮಂದಿಗೂ ಅನ್ವಯಿಸುವುದು ಸಲ್ಲದು. ‘140ರಲ್ಲಿ 46’ ಎಂದು ಇದ್ದುದನ್ನು ಇದ್ದಂತೆಯೇ ಬರೆಯಬೇಕು.

ಅವಳು ಕಳುಹಿಸಿದ ಪತ್ರ ಹೀಗಿದೆ:

‘ಮಾನ್ಯರೇ, ನಮಸ್ಕಾರ. ನಾನು ತಿಪ್ಪಸಂದ್ರದವಳು. ನಾಲ್ಕು ವರ್ಷಗಳಿಂದ ನಮ್ಮ ಮನೆಯಲ್ಲಿ ತಮ್ಮ ಅಂಗಡಿಯ ಕಾಫಿಪುಡಿಯನ್ನೇ ಬಳಸುತ್ತಿದ್ದೇವೆ. ಮನೆಯಡುಗೆಯ ಬಗ್ಗೆ ಕನ್ನಡದಲ್ಲಿ ಕಿರು ವಿಡಿಯೊಗಳನ್ನು ಮಾಡುತ್ತೇನೆ. ಫಾಲೋವರ್‌ಗಳು 6,200, ನೂರಕ್ಕೆ 60 ಮಂದಿ ಬೆಂಗಳೂರಿನವರು. ಒಂದು ವಿಡಿಯೊಗೆ ಸಾಮಾನ್ಯವಾಗಿ 2,100 ವೀಕ್ಷಣೆ ಬರುತ್ತದೆ. ಒಂದು ಮಾತ್ರ 48,000 ತಲುಪಿತು. ಅದೊಂದು ಅಪವಾದ. ಬಡಾವಣೆ ತಿಳಿಸಿದ 140 ಮಂದಿಯಲ್ಲಿ 46 ಮಂದಿ ತಮ್ಮ ಅಂಗಡಿಯ ಸುತ್ತಮುತ್ತಲಿನವರು.

‘ಚಿಕೋರಿ ಎಷ್ಟು ಹಾಕಿಸಲಿ ಎಂದು ಗಿರಾಕಿಗಳು ತಮ್ಮನ್ನು ಕೇಳುವುದನ್ನು ನಾನು ಸರದಿಯಲ್ಲಿ ನಿಂತು ಕೇಳಿದ್ದೇನೆ. ಅದಕ್ಕೆ ಉತ್ತರವಾಗಿ 60 ಸೆಕೆಂಡುಗಳ ಒಂದು ವಿಡಿಯೊ ಮಾಡಬಯಸುತ್ತೇನೆ: ಮೂರು ಫಿಲ್ಟರ್, ಮೂರು ಬೆರಕೆ. ವಿಡಿಯೊದ ಆರಂಭದಲ್ಲೇ ಇದು ಜಾಹೀರಾತೆಂದು ಬರೆದು ತೋರಿಸಿ, ಬಾಯಿಂದಲೂ ಹೇಳುತ್ತೇನೆ. ನನ್ನ ಸಂಭಾವನೆ 4,000 ರೂಪಾಯಿ. ಪ್ರಕಟಿಸುವ ಮೊದಲು ತಮಗೆ ತೋರಿಸುತ್ತೇನೆ. ಬೆಲೆ, ವಿಳಾಸ, ಪ್ರಮಾಣಗಳಲ್ಲಿ ತಪ್ಪಿದ್ದರೆ ತಿದ್ದುತ್ತೇನೆ. ರುಚಿಯ ಬಗ್ಗೆ ಆಡುವ ಮಾತು ಮಾತ್ರ ನನ್ನದೇ ಆಗಿರುತ್ತದೆ. ಒಪ್ಪಿಗೆಯಾದರೆ ತಮಗೆ ಬಿಡುವಿರುವ ಮಧ್ಯಾಹ್ನ ಬಂದು ಕಾಣುತ್ತೇನೆ.’

ಪತ್ರ ಇಷ್ಟೇ. ಗಿರಾಕಿಗಳ ನಡುವೆ ಫೋನನ್ನು ನೋಡುವ ವರ್ತಕನಿಗೆ ಇದಕ್ಕಿಂತ ಉದ್ದವಾದದ್ದನ್ನು ಓದುವ ವ್ಯವಧಾನವಿರುವುದಿಲ್ಲ. ಅದನ್ನು ಬೆಳಗಿನ ಏಳು ಗಂಟೆಗಾಗಲಿ ಸಂಜೆಯ ಆರಕ್ಕಾಗಲಿ ಕಳುಹಿಸಬಾರದು. ಆ ಹೊತ್ತಿನಲ್ಲಿ ಗಿರಣಿಯ ಮುಂದೆ ಜನ ನಿಂತಿರುತ್ತಾರೆ.

ವಿಡಿಯೊದ ಕಲ್ಪನೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ‘ತಮ್ಮ ಅಂಗಡಿಯ ಬಗ್ಗೆ ಸೊಗಸಾದ ವಿಡಿಯೊ ಮಾಡುತ್ತೇನೆ’ ಎಂದು ಬರೆದಿದ್ದರೆ ಅದನ್ನು ಬಟ್ಟೆ ಅಂಗಡಿಗೂ ಕಳುಹಿಸಬಹುದಾಗಿತ್ತು. ಇದು ಹಾಗಲ್ಲ. ಒಂದೇ ಅಳತೆಯ ಮೂರು ಫಿಲ್ಟರುಗಳಲ್ಲಿ ಒಂದಕ್ಕೆ ಬರಿಯ ಕಾಫಿಪುಡಿ, ಇನ್ನೊಂದಕ್ಕೆ ನೂರಕ್ಕೆ 20 ಚಿಕೋರಿ ಬೆರೆಸಿದ್ದು, ಮತ್ತೊಂದಕ್ಕೆ 40 ಬೆರೆಸಿದ್ದು. ತೂಕವೂ ನೀರೂ ಸಮ. ಚಿಕೋರಿ ಹೆಚ್ಚಿದಂತೆ ಡಿಕಾಕ್ಷನ್ ಕಪ್ಪೇರಿ ಮಂದವಾಗುತ್ತದೆ, ಕಾಫಿಯ ಪರಿಮಳ ತಗ್ಗುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲವಾದ್ದರಿಂದ ಅದರ ಪ್ರಮಾಣವೂ ಇಳಿಯುತ್ತದೆ. ಗಾಜಿನ ಲೋಟಗಳಿಗೆ ಬಗ್ಗಿಸಿದಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುವುದರಿಂದ ಮಾತು ಹೆಚ್ಚು ಬೇಕಿಲ್ಲ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿಯ ಅಂಶ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದೆಂದು ಆಹಾರ ನಿಯಮ ವಿಧಿಸಿದೆ. ಪೊಟ್ಟಣದ ಮೇಲೆ ಎರಡರ ಪ್ರಮಾಣವನ್ನೂ ಮುದ್ರಿಸಬೇಕು. ಆ ಮುದ್ರಿತ ಸಾಲನ್ನು ಹತ್ತಿರದಿಂದ ತೋರಿಸುವುದು ವಿಡಿಯೊದ ಕೊನೆಯ ಚಿತ್ರ. ಅಂಗಡಿಯವನು ಕೊನೆಗೆ ‘ಆರೋಗ್ಯಕ್ಕೆ ಒಳ್ಳೆಯದು ಅಂತಲೂ ಒಂದು ಮಾತು ಸೇರಿಸಮ್ಮ’ ಎಂದರೆ, ‘ಆಧಾರವಿಲ್ಲದೆ ಅದೊಂದನ್ನು ಹೇಳಲಾರೆ ಸಾರ್’ ಎಂದುಬಿಡುವುದೇ ಸರಿ.

ಇದು ಬರಿಯ ಸೌಜನ್ಯದ ಮಾತಲ್ಲ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ತಪ್ಪುದಾರಿಗೆಳೆಯುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಸರಕನ್ನು ಹೊಗಳಿದವರೂ ಅದಕ್ಕೆ ಗುರಿಯಾಗುತ್ತಾರೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯು, ಹಣ ಪಡೆದಿದ್ದರೂ ಸರಿ, ಪುಕ್ಕಟೆಯಾಗಿ ಸರಕನ್ನು ಪಡೆದಿದ್ದರೂ ಸರಿ, ಆ ಸಂಬಂಧವನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಹೇಳುತ್ತದೆ. ‘ಹಣ ಬೇಡ, ಎರಡು ಕಿಲೊ ಪುಡಿ ಕೊಡುತ್ತೇನೆ’ ಎಂದು ವರ್ತಕನು ಒಪ್ಪಿದರೂ ‘ಜಾಹೀರಾತು’ ಎಂಬ ಪದ ಇರಲೇಬೇಕು. ಮಾತು ಕನ್ನಡದಲ್ಲಿದ್ದರೆ ಈ ಪದವೂ ಕನ್ನಡದಲ್ಲಿ.

ಇನ್ನು ವರ್ತಕನ ಕಡೆಯಿಂದ ಯೋಚಿಸೋಣ. ಒಂದು ಪೊಟ್ಟಣದಲ್ಲಿ ಅವನಿಗೆ 40 ರೂಪಾಯಿ ಉಳಿಯುವುದಾದರೆ, 4,000 ರೂಪಾಯಿ ಮರಳಿ ಬರಲು 100 ಪೊಟ್ಟಣಗಳು ಹೆಚ್ಚಾಗಿ ಮಾರಾಟವಾಗಬೇಕು. ಸುಮಾರು 1,260 ವೀಕ್ಷಣೆಗಳಿಂದ ನೂರು ಜನ ಎದ್ದು ಬರುತ್ತಾರೆಂದು ನಂಬುವುದು ಕಷ್ಟ. ಆದರೆ ಕಾಫಿಪುಡಿ ಒಮ್ಮೆ ಕೊಂಡು ಮುಗಿಯುವ ವಸ್ತುವಲ್ಲ. ಹತ್ತು ಮನೆಗಳು ಹೊಸದಾಗಿ ಬಂದು, ತಿಂಗಳಿಗೊಂದು ಪೊಟ್ಟಣದಂತೆ ವರ್ಷವಿಡೀ ಕೊಂಡರೆ 120 ಪೊಟ್ಟಣಗಳಾದವು. ಹಬ್ಬಕ್ಕೊಮ್ಮೆ ಗಿರಾಕಿ ಬರುವ ಅಂಗಡಿಗೆ ಈ ಲೆಕ್ಕ ಕೂಡುವುದಿಲ್ಲ. ಆ ಯುವತಿ ರೇಷ್ಮೆ ಸೀರೆಯ ಅಂಗಡಿಯನ್ನು ಬಿಟ್ಟು ಕಾಫಿಪುಡಿಯ ಅಂಗಡಿಯನ್ನು ಆರಿಸಿಕೊಂಡುದಕ್ಕೆ ಇದೇ ಕಾರಣ. ಹತ್ತು ಮನೆಗಳು ಬಂದೇ ಬರುವುವೆಂದು ಅವಳು ಪತ್ರದಲ್ಲಿ ಮಾತು ಕೊಟ್ಟಿಲ್ಲ ಎಂಬುದನ್ನೂ ಗಮನಿಸಬೇಕು.

ವರ್ತಕನಿಗೂ ಎಚ್ಚರ ಬೇಕು. ಫಾಲೋವರ್‌ಗಳನ್ನು ಹಣ ಕೊಟ್ಟು ಕೊಳ್ಳುವವರಿದ್ದಾರೆ. ಅಂಥವರ ಪುಟದಲ್ಲಿ ಸಂಖ್ಯೆ ದೊಡ್ಡದಿದ್ದು, ವಿಡಿಯೊದ ಕೆಳಗಿನ ಮಾತುಗಳು ಬರಿಯ ಹೂವು, ಬೆಂಕಿಗಳ ಚಿತ್ರಗಳಾಗಿರುತ್ತವೆ. ‘ಎಷ್ಟು ಚಮಚ ಹಾಕಿದಿರಿ?’ ಎಂದು ಕೇಳುವವರು ಸಿಗುವುದಿಲ್ಲ. ಊರುಗಳ ಪಟ್ಟಿಯನ್ನು ಚಿತ್ರವಾಗಿ ಕಳುಹಿಸಿದರೆ ಅದನ್ನು ತಿದ್ದಿರಲೂಬಹುದು. ಅಂಗಡಿಗೆ ಕರೆದು ಅವಳ ಫೋನಿನಲ್ಲೇ ತೆರೆದು ತೋರಿಸಲು ಹೇಳಿದರೆ ಸಂಶಯ ಉಳಿಯುವುದಿಲ್ಲ.

ಫಲವನ್ನು ಅಳೆಯಲು ಅವರಿಬ್ಬರೂ ಸರಳವಾದ ಒಂದು ಉಪಾಯ ಮಾಡಿಕೊಂಡರು. ‘ಮೂರು ಫಿಲ್ಟರ್’ ಎಂದು ಹೇಳಿ ಕೇಳಿದವರಿಗೆ 50 ಗ್ರಾಂ ಪುಡಿ ಹೆಚ್ಚಾಗಿ ಕೊಡುವುದೆಂದು ವಿಡಿಯೊದಲ್ಲಿ ತಿಳಿಸಿ, ಗಲ್ಲಾಪೆಟ್ಟಿಗೆಯ ಬಳಿ ಒಂದು ಚೀಟಿಯನ್ನಿಟ್ಟು, ಹಾಗೆ ಕೇಳಿದ ಪ್ರತಿಯೊಬ್ಬರಿಗೂ ಒಂದು ಗೆರೆ ಎಳೆಯುವುದು. ಹಿಂದೆ ಬಂದಿರದ ಗಿರಾಕಿಯಾದರೆ ಗೆರೆಯ ಪಕ್ಕದಲ್ಲಿ ಒಂದು ಚುಕ್ಕೆ. ಮಾತನ್ನು ಮರೆತು ಬರಿದೆ ಪುಡಿ ಕೊಂಡು ಹೋದವರು ಈ ಲೆಕ್ಕಕ್ಕೆ ಸಿಗುವುದಿಲ್ಲ. ಆದುದರಿಂದ ಚೀಟಿಯ ಸಂಖ್ಯೆ ನಿಜಕ್ಕಿಂತ ಕಡಿಮೆಯೇ ಇದ್ದೀತು. ಎರಡು ವಾರಗಳ ತರುವಾಯ ಅವಳು ವೀಕ್ಷಣೆಯ ಅಂಕಿಗಳನ್ನು ತಂದು ಆ ಚೀಟಿಯ ಪಕ್ಕದಲ್ಲಿಟ್ಟು ನೋಡುವುದೆಂದೂ, ಎರಡನೆಯ ವಿಡಿಯೊದ ಮಾತು ಆಮೇಲೆಂದೂ ತೀರ್ಮಾನವಾಯಿತು.