ಬೋರ್ಡಿಂಗ್ ಪಾಸ್ ಇದ್ದರೂ ಬಿಲ್ ವಾಪಸ್ ಬಂತು

ಪ್ರಶ್ನೆ: ನಾನು ವಿರಾಜಪೇಟೆಯವನು, ಕಾಫಿ ಕಂಪನಿಯೊಂದರಲ್ಲಿ ಕೆಲಸ. ಜನವರಿಯಲ್ಲಿ ಕಂಪನಿ ಕೆಲಸದ ಮೇಲೆ ದೆಹಲಿಗೆ ಹೋಗಿದ್ದೆ. ಮರಳುವ ದಿನ ಬೆಳಗಿನ ಮಂಜಿನಿಂದಾಗಿ ಮಧ್ಯಾಹ್ನ 2.30ರ ವಿಮಾನ ರಾತ್ರಿ 8.10ಕ್ಕೆ ಹೊರಟಿತು. ಬೆಂಗಳೂರಲ್ಲಿ ಇಳಿದಾಗ ಹನ್ನೊಂದು. ಮೆಜೆಸ್ಟಿಕ್‌ನಿಂದ 10.30ಕ್ಕೆ ಬುಕ್ ಮಾಡಿದ್ದ ಬಸ್ಸು ತಪ್ಪಿತು. 7,200 ರೂಪಾಯಿ ಕೊಟ್ಟು ಟ್ಯಾಕ್ಸಿಯಲ್ಲಿ ಊರು ಸೇರಿದೆ. ಬೋರ್ಡಿಂಗ್ ಪಾಸ್ ಲಗತ್ತಿಸಿದ್ದರೂ ಅಕೌಂಟ್ಸ್‌ನವರು ‘ಬಸ್ಸಿರುವಾಗ ಟ್ಯಾಕ್ಸಿ ಯಾಕೆ’ ಎಂದು ಬಿಲ್ ವಾಪಸ್ ಮಾಡಿದ್ದಾರೆ. ಏನು ಮಾಡಲಿ?

ಉತ್ತರ: ಬೋರ್ಡಿಂಗ್ ಪಾಸ್ ನೀವು ಪ್ರಯಾಣ ಮಾಡಿದ್ದಕ್ಕೆ ಸಾಕ್ಷಿ, ತಡವಾದದ್ದಕ್ಕಲ್ಲ. ಅದರಲ್ಲಿ ಸಾಮಾನ್ಯವಾಗಿ ಇರುವುದು ಮೊದಲು ನಿಗದಿಯಾಗಿದ್ದ ಸಮಯ. ಅದನ್ನು ನೋಡಿದವರಿಗೆ ನೀವು ಸಂಜೆಯೇ ಬೆಂಗಳೂರು ತಲುಪಿದಂತೆ ಕಾಣುತ್ತದೆ. ಅವರ ಅನುಮಾನದಲ್ಲಿ ತಪ್ಪಿಲ್ಲ.

ಈಗ ಬೇಕಾದ್ದು ವಿಮಾನ ನಿಜವಾಗಿ ಹೊರಟ, ಇಳಿದ ಸಮಯದ ಪುರಾವೆ. ವಿಮಾನಯಾನ ಕಂಪನಿಯ ಗ್ರಾಹಕ ಸೇವೆಗೆ ನಿಮ್ಮ ಪಿಎನ್‌ಆರ್, ದಿನಾಂಕ ಬರೆದು, ತಡವಾದದ್ದಕ್ಕೆ ಪ್ರಮಾಣಪತ್ರ ಕೇಳಿ. ಅದು ಬರುವವರೆಗೆ ಅವರು ಕಳಿಸಿದ್ದ ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್ ಇರಲಿ. ಕಳಿಸಿದವರ ಹೆಸರು, ದಿನಾಂಕ, ಹೊಸ ಸಮಯ ಮೂರೂ ಅದರಲ್ಲಿ ಕಾಣಬೇಕು.

ನಿಮ್ಮ ಕೈಯಲ್ಲಿರುವ ಅತಿ ಗಟ್ಟಿ ಕಾಗದ ನೀವು ಹತ್ತದೇ ಬಿಟ್ಟ ಆ ಬಸ್ಸಿನ ಟಿಕೆಟ್! ಬಸ್ಸಲ್ಲೇ ಹೋಗುವ ಉದ್ದೇಶವಿತ್ತು ಎಂಬುದನ್ನು ಅದು ತೋರಿಸುತ್ತದೆ. ರೀಫಂಡ್ ಬಂದಿದ್ದರೆ ಅದನ್ನೂ ಬರೆದು, ಟಿಕೆಟನ್ನು ಟ್ಯಾಕ್ಸಿ ಬಿಲ್ಲಿನ ಜೊತೆ ಪಿನ್ ಮಾಡಿ. ಕೈಬರಹದ ಬಿಲ್ಲಾದರೆ ಗಾಡಿ ನಂಬರ್, ಎಲ್ಲಿಂದ ಎಲ್ಲಿಗೆ, ಕಿಲೋಮೀಟರ್, ಚಾಲಕರ ಸಹಿ ಇರಬೇಕು. ಯುಪಿಐನಲ್ಲಿ ಕೊಟ್ಟಿದ್ದರೆ ಆ ದಾಖಲೆಯೂ ಇರಲಿ. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಇದು ಹೊರಗಿನ ಅಕೌಂಟ್ಸ್‌ನವರಿಗೆ ಗೊತ್ತಿರಬೇಕೆಂದಿಲ್ಲ, ಒಂದು ಸಾಲು ಬರೆದುಬಿಡಿ.

ಊಟದ ಬಿಲ್ಲಲ್ಲಿ ಮಾತ್ರ ಎಚ್ಚರ. ಇಷ್ಟು ಹೊತ್ತು ತಡವಾದರೆ ಕಾಯುವ ಪ್ರಯಾಣಿಕರಿಗೆ ವಿಮಾನ ಕಂಪನಿ ತಿಂಡಿ-ಊಟ ಕೊಡಬೇಕೆಂದು ಡಿಜಿಸಿಎ ನಿಯಮವಿದೆ. ಕೂಪನ್ ಸಿಕ್ಕಿದ್ದರೆ ಆ ಹೊತ್ತಿನ ಊಟಕ್ಕೆ ಬಿಲ್ ಹಾಕಬೇಡಿ. ಅಲ್ಲಿ ಸಿಕ್ಕಿಬಿದ್ದರೆ ಟ್ಯಾಕ್ಸಿ ಬಿಲ್ಲನ್ನೂ ಯಾರೂ ನಂಬುವುದಿಲ್ಲ.

ಅಂದಹಾಗೆ, ಆ ನುಣುಪು ಕಾಗದದ ರಸೀದಿಗಳನ್ನು ಇವತ್ತೇ ಫೋಟೊ ತೆಗೆದಿಡಿ. ಬಿಸಿಗೆ ಅಕ್ಷರ ಮಾಸುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೂ ಮಾಸಬಹುದು. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗೂ ಬೂಷ್ಟು ಹಿಡಿಯುವುದು ನಿಮಗೆ ಹೇಳಬೇಕಿಲ್ಲ.

ಕಂಪನಿಯ ನಿಯಮದಲ್ಲಿ ಟ್ಯಾಕ್ಸಿಗೆ ಮಿತಿಯಿದ್ದರೆ ಈ ಕಾಗದಗಳಷ್ಟೇ ಸಾಲವು. ಆಗ ಮ್ಯಾನೇಜರ್ ವಿಶೇಷ ಒಪ್ಪಿಗೆ ಕೊಡಬೇಕು. ಆ ರಾತ್ರಿ ಅವರಿಗೆ ವಾಟ್ಸ್ಆ್ಯಪ್ ಮಾಡಿದ್ದೀರಾ, ಹುಡುಕಿ ನೋಡಿ.